ಗೋಡೆಗೆ ಅಂಟಿಸಿದ ನಾಲ್ಕು ಸರಿಯಾದ ವಾಕ್ಯಗಳು

ಕೆಲಸದ ಜಾಗದಲ್ಲಿ ಬಳಸುವ ಪ್ರತಿಯೊಂದು ಅಪಾಯಕಾರಿ ರಾಸಾಯನಿಕಕ್ಕೂ ಒಂದು ಸುರಕ್ಷತಾ ಹಾಳೆ ಇರುತ್ತದೆ. ತಯಾರಿಸಿದವನು ಅದನ್ನು ಕೊಡಬೇಕು, ಕೊಂಡವನು ಕೇಳಿ ಪಡೆಯಬೇಕು, ಕೈಯಲ್ಲಿ ಹಿಡಿದು ಕೆಲಸ ಮಾಡುವವನಿಗೆ ಅರ್ಥವಾಗುವ ಮಾತಿನಲ್ಲಿ ಅದು ಇರಬೇಕು. ಇದು ನಿಮಗೆ ಈಗಾಗಲೇ ಗೊತ್ತಿರಬೇಕಾಗಿತ್ತು. ಗೊತ್ತಿಲ್ಲದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ನಿಮಗೆ ಹೇಳಬೇಕಾದವರಿಗೂ ಗೊತ್ತಿಲ್ಲ.

ಈ ಹಾಳೆಗಳನ್ನು ಇಂಗ್ಲಿಷಿನಿಂದ ನಮ್ಮ ಭಾಷೆಗೆ ತರುವ ಕೆಲಸವನ್ನು ಒಬ್ಬ ಹೆಂಗಸು ವರ್ಷಗಟ್ಟಲೆ ಮಾಡಿದರು. ಕಚೇರಿಯಲ್ಲಿ ಅವರನ್ನು ಕೋಡಕ್ಕ ಎನ್ನುತ್ತಿದ್ದರು. ಹಾಳೆಯ ತುಂಬ ಕೋಡ್‌ಗಳಿರುತ್ತವೆ, ಅದಕ್ಕೆ. ತಲೆಯ ಮೇಲೆ ಕೋಡು ಬಂದಿದೆ ಎಂಬ ಅರ್ಥದಲ್ಲೂ ಕೆಲವರು ಕರೆಯುತ್ತಿದ್ದರು. ಎರಡಕ್ಕೂ ಅವರು 'ಹೂಂ' ಎನ್ನುತ್ತಿದ್ದರು.

ಕಚೇರಿ ಎಂದರೆ ಒಂದು ಅನುವಾದದ ಏಜೆನ್ಸಿ, ಟಯರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿತ್ತು, ಕಿಟಕಿ ತೆರೆದರೆ ಇನ್ನಷ್ಟು ಬರುತ್ತಿತ್ತು. ಒಂದು ಮೇಜಿನಲ್ಲಿ ಬಟ್ಟೆ ಒಗೆಯುವ ಮೆಷಿನ್ ಬಳಸುವುದು ಹೇಗೆ ಎಂದು ಬರೆಯುವವರು, ಇನ್ನೊಂದರಲ್ಲಿ ವಿಮೆಯ ಷರತ್ತುಗಳನ್ನು ಬರೆಯುವವರು, ನಡುವೆ ವಿಷದ ಮೇಜು. ಊಟದ ಡಬ್ಬಿಯನ್ನು ಎಲ್ಲರೂ ಕೋಡಕ್ಕನ ಮೇಜಿನ ಮೇಲೆಯೇ ಬಿಚ್ಚುತ್ತಿದ್ದರು. ದೊಡ್ಡ ಮೇಜು ಅದೊಂದೇ.

ಒಂದು ಸುರಕ್ಷತಾ ಹಾಳೆಯಲ್ಲಿ ಹದಿನಾರು ಭಾಗಗಳಿರುತ್ತವೆ. ಎರಡನೆಯದು ಅಪಾಯ ಏನು ಎಂಬುದು. ನಾಲ್ಕನೆಯದು ಪ್ರಥಮ ಚಿಕಿತ್ಸೆ. ಅಪಾಯವನ್ನು ಹೇಳುವ ವಾಕ್ಯಕ್ಕೆ ಎಚ್ ಎಂಬ ಅಕ್ಷರ, ಅದರ ಪಕ್ಕ ಮೂರು ಅಂಕಿ. ಏನು ಮಾಡಬೇಕು, ಏನು ಮಾಡಬಾರದು ಎಂಬ ಮುನ್ನೆಚ್ಚರಿಕೆಯ ವಾಕ್ಯಕ್ಕೆ ಪಿ ಎಂಬ ಅಕ್ಷರ, ಅದರ ಪಕ್ಕವೂ ಮೂರು ಅಂಕಿ. ವಾಕ್ಯಗಳು ಪ್ರಪಂಚಕ್ಕೆಲ್ಲ ಒಂದೇ ಅಚ್ಚಿನವು. ಅನುವಾದ ಮಾಡುವವರು ಅವನ್ನು ಇವತ್ತು ಒಂದು ಥರ, ನಾಳೆ ಒಂದು ಥರ ಬರೆಯುವ ಹಾಗಿಲ್ಲ. ಒಂದು ಕೋಡ್, ಒಂದು ವಾಕ್ಯ. ಕೆಲವು ಭಾಷೆಗಳಿಗೆ ಆ ವಾಕ್ಯಗಳನ್ನು ಅಧಿಕೃತವಾಗಿಯೇ ಬರೆದುಕೊಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಅಂಥದ್ದು ಕೋಡಕ್ಕನ ಕೈಗೆ ಸಿಕ್ಕಲಿಲ್ಲ. ಅವರೇ ಒಂದೊಂದಾಗಿ ಬರೆದು ಕೋಷ್ಟಕ ಮಾಡಿಕೊಂಡರು.

ಬರೆದದ್ದನ್ನು ಮನೆಯಲ್ಲಿ ಅತ್ತೆಯ ಮುಂದೆ ಓದುತ್ತಿದ್ದರು. ಅತ್ತೆ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು.

"ಅತ್ತೆ, 'ನುಂಗಿದರೆ ಹಾನಿಕರ' ಅಂತ ಬರೆದಿದ್ರೆ ಏನ್ ಮಾಡ್ತೀರಿ?"

"ಇನ್ನೊಂದ್ಸಲ ನುಂಗಲ್ಲ."

"'ನುಂಗಿದರೆ ವಿಷ' ಅಂದ್ರೆ?"

"ನುಂಗೋಕೆ ಮುಂಚೆ ಉಗೀತೀನಿ."

"'ನುಂಗಿದರೆ ಮಾರಣಾಂತಿಕ' ಅಂದ್ರೆ?"

ಅತ್ತೆ ಸೊಪ್ಪಿನಿಂದ ತಲೆ ಎತ್ತಿದರು. "ಅದು ಟೀವಿಯವರ ಮಾತು ಕಣೇ. ಮಾರಣಾಂತಿಕ ಹಲ್ಲೆ ಅಂತಾರೆ. ಹೊಡೆಸ್ಕೊಂಡೋನು ಮಾರನೇ ದಿನ ಅದೇ ಟೀವೀಲಿ ಕೂತು ಮಾತಾಡ್ತಿರ್ತಾನೆ."

ಹಾನಿಕರ, ವಿಷ, ಅದಕ್ಕಿಂತ ಮೇಲೆ ಸಾವು. ಈ ಮೂರು ಮೆಟ್ಟಿಲಿಗೆ ಮೂರು ಬೇರೆ ಕೋಡ್‌ಗಳಿವೆ. ಮೆಟ್ಟಿಲು ತಪ್ಪಿದರೆ ಅರ್ಥವೇ ತಪ್ಪುತ್ತದೆ. ಮೇಲಿನ ಮೆಟ್ಟಿಲಿನಲ್ಲಿ ಕೋಡಕ್ಕ 'ಪ್ರಾಣ ಹೋಗುತ್ತದೆ' ಎಂದು ಬರೆದರು.

ಏಜೆನ್ಸಿಯ ಯಜಮಾನರಿಗೆ ಅದು ಹಿಡಿಸಲಿಲ್ಲ. "ಇಷ್ಟು ನೇರವಾಗಿ ಬರೆದ್ರೆ ಗಿರಾಕಿ ಓಡಿಹೋಗ್ತಾನೆ. 'ಹೋಗಬಹುದು' ಅಂತ ಮಾಡಿ."

"ಇಂಗ್ಲಿಷಲ್ಲಿ 'ಬಹುದು' ಇಲ್ಲ ಸರ್."

"ಇಂಗ್ಲಿಷಿನ ಮಾತು ಬಿಡಿ. ನಮ್ಮ ಭಾಷೆಗೆ ಅಂತ ಒಂದು ಮರ್ಯಾದೆ ಇದೆ."

"ಅದಕ್ಕೇ ಸರ್ 'ಹೋಗುತ್ತೆ' ಅನ್ನದೆ 'ಹೋಗುತ್ತದೆ' ಅಂತ ಬರೆದಿರೋದು."

ಯಜಮಾನರು ಒಪ್ಪಿದರು. ಒಪ್ಪಿದ್ದು ಮರ್ಯಾದೆಗೋ, ಕಾಫಿ ಆರುತ್ತಿದ್ದುದಕ್ಕೋ ತಿಳಿಯಲಿಲ್ಲ.

ಕೋಡಕ್ಕನ ಅಕ್ಕನ ಗಂಡ, ಅವರ ಭಾವ, ಒಂದು ಟ್ಯಾಂಕ್ ಶಾಪಿನಲ್ಲಿ ಪಾಲಿಶ್ ಕೆಲಸ ಮಾಡುತ್ತಿದ್ದರು. ಹಾಲು ತುಂಬಿಸುವ ದೊಡ್ಡ ಸ್ಟೀಲ್ ಟ್ಯಾಂಕ್‌ಗಳನ್ನು ಅಲ್ಲಿ ಬೆಸುಗೆ ಹಾಕಿ ಕಟ್ಟುತ್ತಾರೆ. ಬೆಸುಗೆ ಹಾಕಿದ ಕಡೆ ಸ್ಟೀಲು ನೀಲಿ ಕಪ್ಪಾಗಿ ಸುಟ್ಟಿರುತ್ತದೆ. ಅದನ್ನು ತೆಗೆಯದಿದ್ದರೆ ಅಲ್ಲೇ ತುಕ್ಕು ಹಿಡಿಯುತ್ತದೆ. ಮೊದಲು ಕಲ್ಲಿನ ಚಕ್ರದಲ್ಲಿ ಉಜ್ಜುತ್ತಿದ್ದರು. ಆಮೇಲೆ ಪೇಸ್ಟ್ ಬಂತು. ಬ್ರಷ್‌ನಲ್ಲಿ ಹಚ್ಚಿ, ಕಾದು, ನೀರು ಹಾಯಿಸಿದರೆ ಬೆಸುಗೆ ಬೆಳ್ಳಗೆ ಹೊಳೆಯುತ್ತದೆ. ಉಜ್ಜುವ ಕಷ್ಟ ತಪ್ಪಿತು ಎಂದು ಎಲ್ಲರಿಗೂ ಖುಷಿ. ಪೇಸ್ಟಿನಲ್ಲಿ ಇರುವುದು ನೈಟ್ರಿಕ್ ಆಸಿಡ್, ಜೊತೆಗೆ ಸ್ವಲ್ಪ ಹೈಡ್ರೋಫ್ಲೋರಿಕ್ ಆಸಿಡ್.

ಪೇಸ್ಟ್ ಜೊತೆ ಇಂಗ್ಲಿಷ್ ಹಾಳೆ ಬಂದಿತ್ತು. ಅದನ್ನು ನಮ್ಮ ಭಾಷೆಗೆ ಮಾಡಿಸಬೇಕು ಎಂದು ಶಾಪಿನ ಸೂಪರ್‌ವೈಸರ್ ಯೋಚಿಸುತ್ತಿದ್ದಾಗ ಭಾವ, "ನಮ್ಮ ನಾದಿನಿ ಅದನ್ನೇ ಮಾಡ್ತಾಳೆ ಸಾರ್" ಎಂದರು. ಹೀಗೆ ಕೆಲಸ ಟಯರ್ ಅಂಗಡಿಯ ಮೇಲಿನ ಮಹಡಿಗೆ ಬಂತು. ಭಾವನಿಗೆ ಶಾಪಿನಲ್ಲಿ ಸ್ವಲ್ಪ ಬೆಲೆ ಬಂತು.

ಕೋಡಕ್ಕ ಹದಿನಾರು ಭಾಗಗಳನ್ನೂ ಮಾಡಿದರು. ಎರಡನೆಯ ಭಾಗದಲ್ಲಿ ನಾಲ್ಕು ಮುಖ್ಯ ಅಪಾಯಗಳಿದ್ದವು. ಎಚ್ 301, ನುಂಗಿದರೆ ವಿಷ. ಎಚ್ 310, ಚರ್ಮಕ್ಕೆ ತಗುಲಿದರೆ ಪ್ರಾಣ ಹೋಗುತ್ತದೆ. ಎಚ್ 314, ಚರ್ಮವನ್ನು ತೀವ್ರವಾಗಿ ಸುಡುತ್ತದೆ, ಕಣ್ಣಿಗೆ ಹಾನಿ ಮಾಡುತ್ತದೆ. ಎಚ್ 331, ಉಸಿರಿನಲ್ಲಿ ಎಳೆದುಕೊಂಡರೆ ವಿಷ. ನಾಲ್ಕನೆಯ ಭಾಗವನ್ನು ಅವರು ಎರಡು ಸಲ ತಿದ್ದಿದರು. ಹೈಡ್ರೋಫ್ಲೋರಿಕ್ ಆಸಿಡ್ ಸ್ವಲ್ಪವೇ ಇದ್ದಾಗ ತಗುಲಿದ ಕೂಡಲೇ ಉರಿಯದೆ ಇರಬಹುದು. ಸದ್ದಿಲ್ಲದೆ ಒಳಗೆ ಇಳಿಯುತ್ತದೆ, ಗಂಟೆಗಟ್ಟಲೆ ಕಳೆದ ಮೇಲೆ ನೋವು ಶುರುವಾಗುತ್ತದೆ. ಅಷ್ಟರಲ್ಲಿ ಅದು ಮೈಯಲ್ಲಿನ ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತದೆ. ಹೆಚ್ಚಾದರೆ ಎದೆಬಡಿತ ತಪ್ಪುತ್ತದೆ. ಆದ್ದರಿಂದ ತೊಳೆದ ತಕ್ಷಣ ಕ್ಯಾಲ್ಸಿಯಂ ಗ್ಲುಕೋನೇಟ್ ಎಂಬ ಜೆಲ್ ಹಚ್ಚಿ ತಿಕ್ಕಬೇಕು, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು. ಇಷ್ಟನ್ನೂ ಕೋಡಕ್ಕ ಅತ್ತೆಗೆ ತಿಳಿಯುವ ಮಾತಿನಲ್ಲಿ ಬರೆದರು.

ಸೂಪರ್‌ವೈಸರ್ ಹದಿನಾರು ಭಾಗಗಳನ್ನು ತೂಗಿ ನೋಡುವವನ ಹಾಗೆ ಕೈಯಲ್ಲಿ ಹಿಡಿದು ನೋಡಿದ.

"ಇಷ್ಟೆಲ್ಲ ಯಾರು ಓದ್ತಾರೆ? ಗೋಡೆಗೆ ಹಾಕೋಕೆ ಒಂದೇ ಪುಟ ಮಾಡ್ಕೊಡಿ. ದಪ್ಪ ಅಕ್ಷರ. ಅಪಾಯ ಏನು, ಎಚ್ಚರ ಏನು, ಅಷ್ಟೇ. ಇಂಗ್ಲಿಷ್ ಅಕ್ಷರ ಒಂದೂ ಬೇಡ, ನಮ್ಮೋರಿಗೆ ಗಲಿಬಿಲಿ ಆಗತ್ತೆ."

ಇದು ಒಳ್ಳೆಯ ಉದ್ದೇಶದ ಮಾತು. ಈ ಕಥೆಯಲ್ಲಿ ಎಲ್ಲರ ಉದ್ದೇಶವೂ ಒಳ್ಳೆಯದೇ. ಕೆಟ್ಟ ಉದ್ದೇಶದವನು ಒಬ್ಬ ಇದ್ದಿದ್ದರೆ ಅವನನ್ನು ಹಿಡಿದು ಬೈದು ಅಂಕಣ ಮುಗಿಸಬಹುದಿತ್ತು.

ಏಜೆನ್ಸಿಯಲ್ಲಿ ಪುಟ ಕಟ್ಟುವವನೊಬ್ಬನಿದ್ದ. ತಲೆ ನರೆತ, ಮಿತಭಾಷಿ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ಕೋಡಕ್ಕನ ಕೋಷ್ಟಕ ಅವನ ಕಂಪ್ಯೂಟರಿನಲ್ಲಿತ್ತು. ಮೊದಲು ಎಚ್ ವಾಕ್ಯಗಳು, ಕೆಳಗೆ ಪಿ ವಾಕ್ಯಗಳು. ಪುಟದಲ್ಲಿ ಕೋಡ್ ಇಟ್ಟು ಒತ್ತಿದರೆ ವಾಕ್ಯ ತಾನಾಗಿ ಬಂದು ಕೂರುತ್ತಿತ್ತು. ಇಂಗ್ಲಿಷ್ ಅಕ್ಷರ ಬೇಡ ಎಂದರಲ್ಲ, ಅವನು ಮೊದಲು ಪುಟದಿಂದಲೂ ಕೋಷ್ಟಕದಿಂದಲೂ ಎಚ್ ಮತ್ತು ಪಿ ತೆಗೆದ. ಅಂಕಿ ಉಳಿಯಿತು. ಆಮೇಲೆ ಒತ್ತಿದ.

ಈಗ ಗಮನಿಸಿ. 310 ಎಂಬ ಅಂಕಿ ಎಚ್‌ನಲ್ಲೂ ಇದೆ, ಪಿಯಲ್ಲೂ ಇದೆ. ಒಂದಕ್ಕೊಂದು ಸಂಬಂಧವಿಲ್ಲ. 301, 314, 331 ಕೂಡ ಹಾಗೆಯೇ. ಒಂದೇ ಅಂಕಿಗೆ ಎರಡು ವಾಕ್ಯ ಸಿಕ್ಕಾಗ ಕಂಪ್ಯೂಟರ್ ಕೆಳಗಿನದನ್ನು ಹಿಡಿಯಿತು. ಹೀಗೆ ಅಪಾಯ ಎಂಬ ತಲೆಬರಹದ ಕೆಳಗೆ ನಾಲ್ಕು ಅಪಾಯಗಳ ಬದಲು ನಾಲ್ಕು ಸಲಹೆಗಳು ಬಂದು ಕೂತವು.

ನುಂಗಿದ್ದರೆ:
ಕೂಡಲೇ ವಿಷ ಮಾಹಿತಿ ಕೇಂದ್ರಕ್ಕೆ ಅಥವಾ ವೈದ್ಯರಿಗೆ ಕರೆ ಮಾಡಿ.
ಹುಷಾರಿಲ್ಲ ಎನಿಸಿದರೆ ವೈದ್ಯರ ಸಲಹೆ ಪಡೆಯಿರಿ.
ವಾಂತಿ ಮಾಡಿಸಬೇಡಿ.

ಅಡ್ಡಾದಿಡ್ಡಿ ಬಂದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ಇದು ಕಾರಣ, ಕೆಲಸ, ಎಚ್ಚರ ಎಲ್ಲ ಇರುವ ಚೊಕ್ಕ ಪ್ಯಾರಾ. ಕೆಳಗೆ ಮುನ್ನೆಚ್ಚರಿಕೆ ಎಂದು ಕೈಗವಸು, ಕನ್ನಡಕ, ಆವಿ ಎಳೆದುಕೊಳ್ಳಬೇಡಿ, ಮೈಗೆ ತಗುಲಿದರೆ ನೀರಿನಲ್ಲಿ ತೊಳೆಯಿರಿ ಎಂಬ ವಾಕ್ಯಗಳಿದ್ದವು. ಅವೆಲ್ಲ ಸರಿಯಾದ ಜಾಗದಲ್ಲೇ ಇದ್ದವು.

ಪುಟ ತಿದ್ದಲು ಕೋಡಕ್ಕನ ಮೇಜಿಗೆ ಬಂತು. ಅವರು ಪ್ರತಿ ವಾಕ್ಯವನ್ನೂ ತಮ್ಮ ಕೋಷ್ಟಕದ ಜೊತೆ ಹೋಲಿಸಿ ನೋಡಿದರು. ಎಲ್ಲವೂ ಅವರದೇ ವಾಕ್ಯ, ಒಂದು ಅಕ್ಷರ ಆಚೀಚೆ ಆಗಿರಲಿಲ್ಲ. ಸಹಿ ಹಾಕಿದರು. ಮೂಲದ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಲಿಲ್ಲ. ಒಂದು ಪುಟ ತಾನೇ ಎಂದುಕೊಂಡರು. ಅವರಿಗೆ ಈ ಕೆಲಸ ಬಹಳ ಚೆನ್ನಾಗಿ ಬರುತ್ತಿತ್ತು, ಅದೇ ತೊಂದರೆಯಾಯಿತು.

ಹಾಳೆ ಶಾಪಿನ ಗೋಡೆಗೆ ಹೋಯಿತು. ಮೇಲ್ಗಡೆ ತಲೆಬುರುಡೆಯ ಚಿತ್ರ, ಕೆಳಗೆ ನುಂಗಿದ್ದರೆ ಎಂಬ ಮಾತು. ಪಾಲಿಶ್ ಮಾಡುವವರು ಓದಿದರು, ಅರ್ಥಮಾಡಿಕೊಂಡರು. ಭಾವ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದರು, ಇದು ನಮ್ಮ ನಾದಿನಿ ಬರೆದದ್ದು ಎಂದೂ ಸೇರಿಸಿದರು.

"ಅಂದ್ರೆ ಇದನ್ನ ಕುಡೀಬಾರದು" ಎಂದ ಒಬ್ಬ.

"ಬೇಸಿಗೇಲಿ ಎಷ್ಟೇ ಬಾಯಾರಿದ್ರೂ ಕುಡೀಬೇಡ್ರಪ್ಪ" ಎಂದ ಇನ್ನೊಬ್ಬ.

ಅಲ್ಲಿಗೆ ಅವರ ಸುರಕ್ಷತಾ ತರಬೇತಿ ಮುಗಿಯಿತು.

ಒಂದು ಶನಿವಾರ ಮಧ್ಯಾಹ್ನ ಭಾವ ಮತ್ತು ಅಕ್ಕ ಕೋಡಕ್ಕನ ಮನೆಗೆ ಬಂದರು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿಗೆ ಭಾವನನ್ನು ಕರೆದಿದ್ದರು. ಅವರು ಸಿಂಕಿನ ಕೆಳಗೆ ತಲೆ ತೂರಿಸಿ ಸ್ಪ್ಯಾನರ್ ತಿರುಗಿಸುತ್ತಿದ್ದರು. ತಿರುಗಿಸಿದಾಗೊಮ್ಮೆ ಹಲ್ಲು ಕಚ್ಚುತ್ತಿದ್ದರು.

"ಕೈಗೇನಾಯ್ತು ಭಾವ?"

"ಏನಿಲ್ಲಮ್ಮ. ಬೆರಳು ಒಂಥರಾ ಆಗ್ತಿದೆ. ಉಗುರಿನ ಒಳಗೆ ಯಾರೋ ಕೂತ್ಕೊಂಡು ಸುತ್ತಿಗೇಲಿ ಕುಟ್ತಾ ಇರೋ ಹಾಗೆ."

"ಅವ್ರಿಗೆ ಕೆಲಸ ಹೇಳಿದ ತಕ್ಷಣ ಎಲ್ಲಾದ್ರೂ ನೋವು ಬರತ್ತೆ" ಎಂದರು ಅಕ್ಕ. "ಮನೇಲಿ ನಮ್ಮ ನಲ್ಲಿ ಎರಡು ತಿಂಗಳಿಂದ ಸೋರ್ತಿದೆ. ಆಗೆಲ್ಲ ಸೊಂಟ ನೋವಿತ್ತು."

"ಏಟು ಬಿತ್ತಾ?" ಕೋಡಕ್ಕ ಕೇಳಿದರು.

"ಇಲ್ಲ. ಬೆಳಗ್ಗೆ ಗ್ಲೌಸ್ ತುದೀಲಿ ತೂತಾಗಿತ್ತು. ಒಂಚೂರು ಪೇಸ್ಟ್ ಒಳಗೆ ಹೋಗಿತ್ತು ಅನ್ಸತ್ತೆ. ತೊಳ್ಕೊಂಡೆ."

"ಬೆಳಗ್ಗೆ ಉರೀಲಿಲ್ವಾ?"

"ಉರಿದಿದ್ರೆ ಬಿಟ್ಟು ಬರ್ತಿರ್ಲಿಲ್ವಾ? ಏನೂ ಆಗ್ಲಿಲ್ಲ. ಪಾಳಿ ಮುಗಿಸ್ಕೊಂಡೇ ಬಂದೆ."

ಕೋಡಕ್ಕ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ತುದಿಯಲ್ಲಿ ಹಳದಿ ಕಲೆ. ಸ್ವಲ್ಪ ಊದಿತ್ತು. ಅಷ್ಟೇ. ಅವರ ಮುಖದಲ್ಲಿ ಏನೋ ಆದದ್ದನ್ನು ಅತ್ತೆ ಮಾತ್ರ ಕಂಡರು, ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟರು.

"ಗೋಡೆ ಮೇಲೆ ಹಾಳೆ ಇದೆಯಲ್ಲ ಭಾವ. ಅದು ಮೈಗೆ ತಗುಲಿದ್ರೆ ಏನಾಗತ್ತೆ ಅಂತ ಬರೆದಿದೆಯಲ್ಲ."

"ಹಾಗೆಲ್ಲಿದೆ? ನುಂಗಿದ್ರೆ ಅಂತಿದೆ. ನುಂಗಿದ್ರೆ ಡಾಕ್ಟರಿಗೆ ಕರೆ ಮಾಡಿ, ಹುಷಾರಿಲ್ಲ ಎನಿಸಿದ್ರೆ ಸಲಹೆ ಪಡೀರಿ, ವಾಂತಿ ಮಾಡಿಸಬೇಡಿ. ನನಗೆ ಬಾಯಿಪಾಠ ಆಗಿದೆ ಕಣಮ್ಮ, ನಾನೇ ಎಲ್ರಿಗೂ ಓದಿ ಹೇಳಿದ್ದು." ಭಾವ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. "ಮೈಗೆ ತಗುಲಿದ್ರೆ ತೊಳೀರಿ ಅಂತ ಕೆಳಗಿದೆ. ತೊಳೆದಿದ್ದೀನಿ."

ಕೋಡಕ್ಕ ಮನಸ್ಸಿನಲ್ಲೇ ಅಂಕಿ ಜೋಡಿಸಿಕೊಂಡರು. 301. 310. 314. 331. ಅಕ್ಷರ ಇಲ್ಲ. ಆಮೇಲೆ ಚಪ್ಪಲಿ ಹಾಕಿಕೊಂಡರು.

"ಏಳಿ ಭಾವ. ಆಸ್ಪತ್ರೆಗೆ."

"ನಲ್ಲಿ ಬಿಚ್ಚಿ ಹಾಕಿದ್ದೀನಲ್ಲ."

"ಸೋರ್ಲಿ."

"ಬೆರಳು ನೋವಿಗೆ ಆಸ್ಪತ್ರೆಗಾ?" ಅಕ್ಕ ಕೇಳಿದರು. ಕೋಡಕ್ಕ ತಾವೇ ಬರೆದ ವಾಕ್ಯವನ್ನು ಒಂದು ಅಕ್ಷರ ಬದಲಿಸದೆ ಹೇಳಿದರು. "ಚರ್ಮಕ್ಕೆ ತಗುಲಿದರೆ ಪ್ರಾಣ ಹೋಗುತ್ತದೆ." ಅಕ್ಕ ಭಾವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡರು. ವಾಕ್ಯ ಚೆನ್ನಾಗಿ ಬಂದಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ದಾರಿಯ ಔಷಧಿ ಅಂಗಡಿಯಲ್ಲಿ ಜೆಲ್ ಕೇಳಿದರೆ ಅಂಗಡಿಯವನು ತಲೆಗೆ ಹಚ್ಚುವುದೋ ಎಂದು ಕೇಳಿದ. ಆಸ್ಪತ್ರೆಯಲ್ಲಿ ನರ್ಸ್ ಬೆರಳು ನೋಡಿ, ಸುಟ್ಟ ಗಾಯದ ಮುಲಾಮು ಸಾಕು ಎನ್ನುವ ಮುಖ ಮಾಡಿದರು. ಕೋಡಕ್ಕ ಫೋನಿನಲ್ಲಿದ್ದ ಇಂಗ್ಲಿಷ್ ಹಾಳೆಯ ನಾಲ್ಕನೆಯ ಭಾಗ ತೆರೆದು ವೈದ್ಯರ ಮುಂದೆ ಹಿಡಿದರು. ವೈದ್ಯರು ಓದಿದರು, ಎರಡನೆಯ ಸಲ ಓದಿದರು.

"ಹಾಳೆ ತಂದದ್ದು ಒಳ್ಳೇದಾಯ್ತು" ಎಂದರು. ಜೆಲ್ ಅಲ್ಲೂ ಇರಲಿಲ್ಲ. ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ ಇತ್ತು. ಅದನ್ನೇ ಜಾರುವ ಜೆಲ್ಲಿಯಲ್ಲಿ ಕಲಸಿ, ಸರ್ಜರಿ ಗ್ಲೌಸ್‌ನಲ್ಲಿ ತುಂಬಿ, ಭಾವನ ಕೈಗೆ ತೊಡಿಸಿದರು. ಎದೆಗೆ ವೈರುಗಳನ್ನು ಅಂಟಿಸಿ ಬಡಿತ ನೋಡಿದರು, ರಕ್ತ ತೆಗೆದು ಕ್ಯಾಲ್ಸಿಯಂ ನೋಡಿದರು. ಬಡಿತ ಸರಿಯಿತ್ತು. ಬೆರಳಿಗೆ ಮದ್ದು ಇಳಿಯಬೇಕಾದರೆ ಉಗುರು ತೆಗೆಯಬೇಕು ಎಂದರು, ತೆಗೆದರು. ಬೆರಳು ಉಳಿಯಿತು. ತುದಿಗೆ ಈಗಲೂ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಅಂಗಿಯ ಗುಂಡಿಯನ್ನು ಅಕ್ಕ ಹಾಕಿಕೊಡುತ್ತಾರೆ, ಹಾಕುವಾಗ ಬೈಯುತ್ತಾರೆ.

ಸೋಮವಾರ ಬೆಳಗ್ಗೆ ಕೋಡಕ್ಕ ಟ್ಯಾಂಕ್ ಶಾಪಿಗೆ ಹೊರಟರು. ಅಕ್ಕ ಬಾಗಿಲಿಗೆ ಅಡ್ಡ ನಿಂತರು.

"ಅಲ್ಲಿ ಹೋಗಿ ರಂಪ ಮಾಡ್ಬೇಡ. ಅವರಿಗೆ ಈ ವಯಸ್ಸಲ್ಲಿ ಬೇರೆ ಯಾರು ಕೆಲಸ ಕೊಡ್ತಾರೆ? ಬೆರಳು ಹೋದ್ರೆ ಒಂದು ಬೆರಳು. ಕೆಲಸ ಹೋದ್ರೆ ಹತ್ತೂ ಹೋದ ಹಾಗೆ."

"ರಂಪ ಮಾಡಲ್ಲ. ಹಾಳೆ ತೆಗೆಸ್ತೀನಿ. ಇವತ್ತಿನ ಪಾಳಿಯವರು ಅದನ್ನೇ ಓದ್ಕೊಂಡು ಕೈ ಹಾಕ್ತಾರೆ ಅಕ್ಕ."

"ನೀನೇ ತಾನೇ ಸಹಿ ಹಾಕಿದ್ದು?"

"ಅದಕ್ಕೇ ಹೋಗ್ತಿರೋದು."

ಅಕ್ಕ ಬಾಗಿಲು ಬಿಟ್ಟರು. ಹಿಂದಿನಿಂದ ಭಾವ ಕಟ್ಟು ಹಾಕಿದ ಕೈ ಎತ್ತಿ, "ಸೂಪರ್‌ವೈಸರ್ ಮುಂದೆ ನನ್ನ ಹೆಸರು ತೆಗೀಬೇಡ" ಎಂದರು. ಇಡೀ ಶಾಪಿಗೆ ಗೊತ್ತಿದ್ದ ಹೆಸರು ಅದು.

ಕೋಡಕ್ಕ ಫೋನಿನಲ್ಲಿ ವಿಷಯ ತಿಳಿಸಿದ್ದರಿಂದ ಏಜೆನ್ಸಿಯ ಯಜಮಾನರೂ ಅಷ್ಟರಲ್ಲಿ ಶಾಪಿಗೆ ಬಂದಿದ್ದರು. ಸೂಪರ್‌ವೈಸರ್ ಮೇಜಿನ ಮೇಲೆ ಮೂರು ಲೋಟ ಚಹಾ ಇತ್ತು. ಗೋಡೆಯ ಹಾಳೆ ಅವರ ಬೆನ್ನ ಹಿಂದೆ.

"ಇದರಲ್ಲಿ ತಪ್ಪು ವಾಕ್ಯ ಯಾವುದು ತೋರಿಸಿ" ಎಂದರು ಯಜಮಾನರು. "ಎಲ್ಲ ನಿಮ್ಮ ಕೋಷ್ಟಕದ್ದೇ."

"ಒಂದೂ ತಪ್ಪಿಲ್ಲ ಸರ್. ಅಪಾಯ ಹೇಳೋ ಜಾಗದಲ್ಲಿ ಅಪಾಯ ಇಲ್ಲ."

"ಇಂಗ್ಲಿಷ್ ಅಕ್ಷರ ಬೇಡ ಅಂದಿದ್ದು ಇವರು."

"ಅಕ್ಷರ ಬೇಡ ಅಂದೆ. ಅರ್ಥ ಬೇಡ ಅನ್ನಲಿಲ್ಲ" ಎಂದ ಸೂಪರ್‌ವೈಸರ್. ಆ ದಿನ ಅವನಾಡಿದ ಒಳ್ಳೆಯ ಮಾತು ಅದೊಂದೇ. "ಆದ್ರೆ ಮೇಡಂ, ಈಗ ತೆಗೆದ್ರೆ ಗೋಡೆ ಖಾಲಿ ಆಗತ್ತೆ. ತಪಾಸಣೆಯವರು ಬಂದ್ರೆ ಹಾಳೆ ಎಲ್ಲಿ ಅಂತಾರೆ. ಹೊಸದು ಬರೋವರೆಗೆ ಇದು ಇರ್ಲಿ."

"ಹೊಸದು ಯಾವಾಗ?"

"ಕ್ರಮ ಅಂತ ಇದೆಯಲ್ಲ" ಎಂದರು ಯಜಮಾನರು. "ನೀವು ತಿದ್ದಿ ಕೊಡ್ತೀರಿ, ನಾವು ಎರಡನೇ ಆವೃತ್ತಿ ಅಂತ ನಂಬರ್ ಹಾಕ್ತೀವಿ, ಇವರು ಒಪ್ಪಿಗೆ ಕೊಡ್ತಾರೆ. ಮುಂದಿನ ವಾರ."

"ಮುಂದಿನ ವಾರದವರೆಗೆ ಪೇಸ್ಟ್ ಬಳಸಲ್ವಾ?"

ಇಬ್ಬರೂ ಚಹಾ ಕುಡಿದರು.

ಕೋಡಕ್ಕ ಎದ್ದು, ಸೂಪರ್‌ವೈಸರ್ ಮೇಜಿನ ಮೇಲಿದ್ದ ದಪ್ಪ ಮಾರ್ಕರ್ ತೆಗೆದುಕೊಂಡರು. ಗೋಡೆಯ ಬಳಿ ಹೋಗಿ, ಅಪಾಯ ಎಂಬ ತಲೆಬರಹವನ್ನು ಉಳಿಸಿ, ಕೆಳಗಿನ ನಾಲ್ಕನ್ನೂ ಹೊಡೆದುಹಾಕಿದರು. ಪಕ್ಕದ ಸುಣ್ಣದ ಗೋಡೆಯ ಮೇಲೆಯೇ ಬರೆದರು. ಎಚ್ 310, ಇದು ಚರ್ಮಕ್ಕೆ ತಗುಲಿದರೆ ಪ್ರಾಣ ಹೋಗುತ್ತದೆ. ಎಚ್ 314. ಎಚ್ 331. ಎಚ್ 301. ಒಂದೊಂದಕ್ಕೂ ವಾಕ್ಯ. ಅದರ ಕೆಳಗೆ ನಾಲ್ಕನೆಯ ಭಾಗದಿಂದ ಬರೆದರು. ತಗುಲಿದ ಕೂಡಲೇ ನೋವು ಬಾರದಿರಬಹುದು. ತೊಳೆಯಿರಿ, ಜೆಲ್ ಹಚ್ಚಿ, ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಿ, ಹಾಳೆ ಜೊತೆಯಲ್ಲಿ ಒಯ್ಯಿರಿ.

"ಹೊಸದಾಗಿ ಸುಣ್ಣ ಹೊಡೆಸಿದ ಗೋಡೆ ಅದು" ಎಂದ ಸೂಪರ್‌ವೈಸರ್.

ಪಾಳಿ ಬದಲಾಗುವ ಹೊತ್ತು. ಪಾಲಿಶ್ ಮಾಡುವವರು ಒಬ್ಬೊಬ್ಬರಾಗಿ ಬಂದು ಗೋಡೆಯ ಮುಂದೆ ನಿಂತರು. ಬೇಸಿಗೆಯಲ್ಲಿ ಕುಡಿಯಬೇಡಿ ಎಂದಿದ್ದವನು ಪೂರ್ತಿ ಓದಿದ. ತನ್ನ ಕೈ ನೋಡಿಕೊಂಡ.

"ಅಕ್ಕ, ನೋವಿಲ್ಲದಿದ್ರೂ ಹೋಗ್ಬೇಕಾ?"

"ಹೋಗ್ಬೇಕು."

"ಹೋದ್ರೆ ಅರ್ಧ ದಿನ ರಜೆ ಅಂತ ಹಿಡೀತಾರಾ?"

ಈ ಪ್ರಶ್ನೆಗೆ ಯಾವ ಕೋಡೂ ಇಲ್ಲ. ಕೋಡಕ್ಕ ಸೂಪರ್‌ವೈಸರ್ ಕಡೆ ನೋಡಿದರು. ಎಲ್ಲರೂ ಸೂಪರ್‌ವೈಸರ್ ಕಡೆ ನೋಡಿದರು. ಅವನು ಯಜಮಾನರ ಕಡೆ ನೋಡಿದ. ಯಜಮಾನರು ಅನುವಾದದ ಏಜೆನ್ಸಿಯವರು, ಅವರಿಗೂ ಶಾಪಿನ ರಜೆಗೂ ಸಂಬಂಧವೇ ಇರಲಿಲ್ಲ, ಆದರೂ ಹೊರಗೆ ನಿಲ್ಲಿಸಿದ್ದ ತಮ್ಮ ಗಾಡಿಯ ಕಡೆ ನೋಡಿದರು.

"ಜೆಲ್ ಎಲ್ಲಿದೆ ಸಾರ್?" ಎಂದು ಕೇಳಿದ ಇನ್ನೊಬ್ಬ.

"ತರಿಸ್ತೀವಿ."

"ಸರಿ ಸಾರ್, ತರ್ಸಿ" ಎಂದ ಅವನು. ಪೇಸ್ಟ್ ಡಬ್ಬಿಯ ಪಕ್ಕ ಬೆಂಚಿನ ಮೇಲೆ ಕೂತ. ಉಳಿದವರೂ ಕೂತರು. ಯಾರೂ ಘೋಷಣೆ ಕೂಗಲಿಲ್ಲ. ಒಬ್ಬ ಬೀಗದಕೈಯಿಂದ ಕಿವಿ ಕೆರೆದುಕೊಂಡ. ಬೆಸುಗೆಯವರು ತಮ್ಮ ಕೆಲಸ ಮಾಡುತ್ತಾ ಹೋದರು, ನೀಲಿ ಕಪ್ಪು ಗೆರೆಗಳು ಒಂದರ ಪಕ್ಕ ಒಂದು ಸೇರುತ್ತಾ ಹೋದವು. ಸಂಜೆಯವರೆಗೆ ಡಬ್ಬಿ ತೆರೆಯಿರಿ ಎಂದು ಸೂಪರ್‌ವೈಸರ್ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಮಾರನೇ ದಿನ ಜೆಲ್ಲೂ ಬಂತು, ತೂತಿಲ್ಲದ ಗ್ಲೌಸೂ ಬಂತು. ಆಸ್ಪತ್ರೆಗೆ ಹೋದ ಅರ್ಧ ದಿನವನ್ನು ರಜೆ ಎಂದು ಹಿಡಿಯುವುದಿಲ್ಲ ಎಂಬ ಮಾತು ಮಾತ್ರ ಬಾಯಲ್ಲೇ ಬಂತು, ಬರಹದಲ್ಲಿ ಬರಲಿಲ್ಲ. ಭಾವ ಕೆಲಸದಲ್ಲೇ ಉಳಿದರು. ಅವರನ್ನು ಸ್ಟೋರಿಗೆ ಹಾಕಿದ್ದಾರೆ. ಡಬ್ಬಿ ಕೊಡುವಾಗ ಎಚ್ 310 ಓದಿಸಿ ಕೊಡುತ್ತಾರೆ. ಅದಕ್ಕೆ ಅವರಿಗೆ ಭಾರಿ ತಲೆಹರಟೆ ಎಂಬ ಹೆಸರು ಬಂದಿದೆ.

ಗಿರಾಕಿಯ ಜಾಗದಲ್ಲಿ ಅಶಿಸ್ತಿನ ವರ್ತನೆ ಎಂದು ಏಜೆನ್ಸಿಯ ಯಜಮಾನರು ಕೋಡಕ್ಕನ ಮೇಜು ಬದಲಿಸಿದರು. ಈಗ ಅವರು ಬಟ್ಟೆ ಒಗೆಯುವ ಮೆಷಿನ್‌ಗಳ ಬಗ್ಗೆ ಬರೆಯುತ್ತಾರೆ. ಊಟದ ಡಬ್ಬಿ ಬಿಚ್ಚಲು ಜಾಗ ಸಾಲುವುದಿಲ್ಲ. ರಾಸಾಯನಿಕಗಳ ಹಾಳೆಯನ್ನು ಕಂಪ್ಯೂಟರೇ ಮಾಡುತ್ತದೆ. ಪುಟ ಕಟ್ಟುವವನು ಮಾತ್ರ ಅಕ್ಷರ ತೆಗೆಯುವುದನ್ನು ಬಿಟ್ಟಿದ್ದಾನೆ. ಯಾರೇ ಹೇಳಲಿ, ತೆಗೆಯುವುದಿಲ್ಲ. ಯಾಕೆ ಎಂದು ಕೇಳಿದರೆ, "ನನ್ನ ಕೈ ಸರಿ ಇಲ್ಲ" ಎನ್ನುತ್ತಾನೆ. ಅವನ ಕೈಗೆ ಏನೂ ಆಗಿಲ್ಲ.

ಹಾಳೆ ಸರಿಯಾಗಿದೆಯೇ ಎಂದು ನೋಡುವವರು ಇಷ್ಟು ಜನ ಇದ್ದರು. ಎಲ್ಲರೂ ನೋಡಿದರು. ಸಹಿ ಇತ್ತು, ವಾಕ್ಯ ಇತ್ತು, ತಲೆಬುರುಡೆ ಇತ್ತು. ತಗುಲಿದವನು ಏನು ಮಾಡಬೇಕು ಎಂದು ತಗುಲಿಸಿಕೊಳ್ಳುವವನನ್ನು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವನು ಮೊದಲ ದಿನವೇ ಹೇಳುತ್ತಿದ್ದ: ಕುಡಿಯಬಾರದು ಸಾರ್.

ನಿಮ್ಮ ಕಾರ್ಖಾನೆಯಲ್ಲಿ, ನಿಮ್ಮ ಆಸ್ಪತ್ರೆಯಲ್ಲಿ, ನಿಮ್ಮ ಮಗು ಓದುವ ಶಾಲೆಯಲ್ಲಿ ನೆಲ ತೊಳೆಯುವವರು, ಬೆಸುಗೆ ಉಜ್ಜುವವರು, ಮೋರಿ ತೆಗೆಯುವವರು ಯಾವ ಡಬ್ಬಿ ಹಿಡಿದಿದ್ದಾರೆ ಎಂದು ನಾಳೆಯೇ ಹೋಗಿ ನೋಡಿ. ಅದರ ಹಾಳೆ ಕೇಳಿ. ಇಲ್ಲ ಎಂದರೆ ತರಿಸುವವರೆಗೆ ಅಲ್ಲಿಂದ ಕದಲಬೇಡಿ. ಬಂದ ಮೇಲೆ ಎರಡನೆಯ ಭಾಗವನ್ನೂ ನಾಲ್ಕನೆಯ ಭಾಗವನ್ನೂ ಆ ಡಬ್ಬಿ ಹಿಡಿದವರ ಎದುರು ನಿಂತು ಗಟ್ಟಿಯಾಗಿ ಓದಿ. ಅರ್ಥವಾಯಿತೇ ಎಂದು ಕೇಳಬೇಡಿ, ಹೂಂ ಎನ್ನುತ್ತಾರೆ. ಕೈಗೆ ತಗುಲಿದರೆ ಏನು ಮಾಡುತ್ತೀರಿ ಎಂದು ಕೇಳಿ. ಸರಿಯಾದ ಉತ್ತರ ಬರುವವರೆಗೆ ಮುಚ್ಚಳ ತೆಗೆಸಬೇಡಿ.